ಕಥೆ ಹೇಳುವಾಗ ಎಷ್ಟು ಸಲ ‘ಆಮೇಲೆ’?

ಪ್ರಶ್ನೆ: ಸರ್, ಬೆಳಗಾವಿಯಲ್ಲಿ ಮರಾಠಿ ಮನೆಮಾತಿನವರಿಗೆ ಸಂಜೆ ಕನ್ನಡ ಹೇಳಿಕೊಡುತ್ತೇನೆ. ಹೋದೆ, ಬಂದೆ ಎಲ್ಲ ಬರುತ್ತದೆ. ಆದರೆ ನಡೆದದ್ದನ್ನು ಹೇಳಿ ಅಂದರೆ ಪ್ರತಿ ವಾಕ್ಯಕ್ಕೂ ‘ಆಮೇಲೆ’ ಹಾಕುತ್ತಾರೆ. ಏನು ಮಾಡಲಿ?

ಉತ್ತರ: ಬಳಿಕ, ತರುವಾಯ, ತದನಂತರ ಎಂದು ಪಟ್ಟಿ ಬಾಯಿಪಾಠ ಮಾಡಿಸಿದ್ದರೆ ಮೊದಲು ಅದನ್ನು ನಿಲ್ಲಿಸಿ. ತದನಂತರ ಚಹಾ ಕುಡಿದವರನ್ನು ಯಾರೂ ಕಂಡಿಲ್ಲ.

ನಮ್ಮ ಮಾತಿನಲ್ಲಿ ಹಿಂದುಮುಂದನ್ನು ಹೆಚ್ಚಾಗಿ ಕ್ರಿಯಾಪದವೇ ಹೇಳುತ್ತದೆ. ನಿಮ್ಮೂರಿನ ಬಸ್ ನಿಲ್ದಾಣ ಸಿಬಿಟಿಯನ್ನೇ ತೆಗೆದುಕೊಳ್ಳಿ. ‘ಸಿಬಿಟಿಗೆ ಹೋದೆ, ಆಮೇಲೆ ಬಸ್ ಹತ್ತಿದೆ’ ಎನ್ನುವ ಬದಲು ‘ಸಿಬಿಟಿಗೆ ಹೋಗಿ ಬಸ್ ಹತ್ತಿದೆ’ ಅಂದರಾಯಿತು. ಮರಾಠಿಯಲ್ಲೂ ‘ಜಾಊನ್’, ‘ಕರೂನ್’ ಇರುವುದರಿಂದ ಇದನ್ನು ಬೇಗ ಹಿಡಿಯುತ್ತಾರೆ. ತೊಡಕು ಆಮೇಲಿನದು. ರುಚಿ ಹತ್ತಿ ಎಲ್ಲವನ್ನೂ ಹೀಗೇ ಪೋಣಿಸುತ್ತಾರೆ: ‘ನಾನು ಗೋಕಾಕದಲ್ಲಿ ಇಳಿದು ಮಳೆ ಬಂತು.’ ಇಳಿದದ್ದು ನಾನು, ಬಂದದ್ದು ಮಳೆ. ಕರ್ತೃ ಬೇರೆಯಾದಾಗ ‘ಇಳಿದ ಮೇಲೆ’ ಅನ್ನಿಸಿ. ಹಾಗಾದರೆ ‘ಮಳೆ ಬಂದು ಕೆರೆ ತುಂಬಿತು’ ತಪ್ಪೇ ಎಂದು ಒಬ್ಬರಾದರೂ ಕೇಳುತ್ತಾರೆ. ತಪ್ಪಲ್ಲ, ಅಲ್ಲಿ ಮಳೆಯೇ ಕೆರೆ ತುಂಬಲು ಕಾರಣ. ಈ ಹಂತದಲ್ಲಿ ಅಷ್ಟು ಹೇಳಿ ಮುಂದೆ ಹೋಗಿ.

ಅಭ್ಯಾಸಕ್ಕೆ ಆರು ಘಟನೆ ಸಾಕು: ಸಿಬಿಟಿ, ಬಸ್ಸು, ಗೋಕಾಕ, ಕರದಂಟಿನ ಅಂಗಡಿ, ಮಳೆ, ಮನೆ. ಮೊದಲ ಸುತ್ತಿನಲ್ಲಿ ಎರಡು ನಿಮಿಷ ಕೊಟ್ಟು ಬಿಡಿಬಿಡಿಯಾಗಿ ಹೇಳಿಸಿ, ‘ಆಮೇಲೆ’ ಎಷ್ಟಾದರೂ ಬರಲಿ. ಎರಡನೆಯ ಸುತ್ತಿಗೆ ಕೇಳುವವರನ್ನು ಬದಲಿಸಿ. ಕೇಳಿದವರಿಗೇ ಮತ್ತೆ ಹೇಳುವಾಗ ಮಾತು ಸಪ್ಪೆಯಾಗುತ್ತದೆ. ಈಗ ಒಂದೂವರೆ ನಿಮಿಷ, ‘ಆಮೇಲೆ’ ಒಂದೇ ಸಲ. ಮೂರನೆಯ ಸುತ್ತಿನಲ್ಲಿ ಒಂದು ‘ಮೇಲೆ’, ಒಂದು ‘ಮೊದಲು’, ಒಂದು ‘ಅಷ್ಟರಲ್ಲಿ’ ಬರಲೇಬೇಕು. ಅಷ್ಟು ಹೊತ್ತಿಗೆ ಕಥೆ ಹೀಗಾಗಿರುತ್ತದೆ:

‘ಸಿಬಿಟಿಗೆ ಹೋಗಿ ಬಸ್ ಹತ್ತಿದೆ. ಗೋಕಾಕದಲ್ಲಿ ಇಳಿದ ಮೇಲೆ ಕರದಂಟು ತಗೊಂಡೆ. ಅಂಗಡಿಯಿಂದ ಹೊರಗೆ ಬರ್ತಿದ್ದೆ, ಅಷ್ಟರಲ್ಲಿ ಮಳೆ ಬಂತು. ಅಲ್ಲೇ ನಿಂತೆ. ಕತ್ತಲಾಗುವ ಮೊದಲು ಮನೆ ಸೇರಿದೆ.’

‘ಅಲ್ಲೇ ನಿಂತೆ’ ಎಂಬುದಕ್ಕೆ ಏನನ್ನೂ ಅಂಟಿಸಿಲ್ಲ ನೋಡಿ. ಎಲ್ಲವನ್ನೂ ಕಟ್ಟಿಬಿಟ್ಟರೆ ಉಸಿರೇ ಸಿಗುವುದಿಲ್ಲ. ಒಂದು ವಾಕ್ಯಕ್ಕೆ ಎರಡೋ ಮೂರೋ ಕ್ರಿಯಾಪದ, ಅದಕ್ಕಿಂತ ಹೆಚ್ಚು ಬೇಡ.

‘ಮೊದಲು’ ಬಂದಲ್ಲಿ ಕಿವಿ ಚುರುಕಾಗಿರಲಿ. ‘ಕತ್ತಲಾದ ಮೇಲೆ’ ಕಲಿತ ನಾಲಿಗೆ ‘ಕತ್ತಲಾದ ಮೊದಲು’ ಎಂದುಬಿಡುತ್ತದೆ. ಮನೆ ಸೇರಿದ ಹೊತ್ತಿಗೆ ಕತ್ತಲು ಇನ್ನೂ ಆಗಿರಲಿಲ್ಲ, ಅದಕ್ಕೇ ‘ಕತ್ತಲಾಗುವ’. ಕಥೆ ನಡೆಯುತ್ತಿರುವಾಗ ಮಾತ್ರ ತಿದ್ದಬೇಡಿ, ಎಳೆ ಕಡಿಯುತ್ತದೆ. ಬರೆದಿಟ್ಟುಕೊಂಡು ಸುತ್ತು ಮುಗಿದಾಗ ಒಂದೇ ತಪ್ಪು ಹೇಳಿ.

ಪ್ರಶ್ನೆ: ‘ಮೂವತ್ತು ದಿನದಲ್ಲಿ ಕನ್ನಡ’ ಅನ್ನುವ ವಿಡಿಯೊ ನೋಡಿದರೆ ಸಾಲದೇ?

ಉತ್ತರ: ಸಾಲದು. ಮೂವತ್ತನೆಯ ದಿನವೂ ಅವರು ‘ನನ್ನ ಹೆಸರು’ ದಾಟಿರುವುದಿಲ್ಲ.

ಪ್ರಶ್ನೆ: ಕಲಿಯುವವರು ‘ಆಮ್ಯಾಲ’, ‘ಅಷ್ಟರಾಗ’ ಅಂದರೆ ತಿದ್ದಬೇಕೇ?

ಉತ್ತರ: ಯಾಕೆ? ಪೇಟೆಯಲ್ಲಿ ಅವರ ಕಿವಿಗೆ ಬೀಳುವುದು ಅದೇ.