ಹಿಮೋಗ್ಲೋಬಿನ್ ನಾರ್ಮಲ್ ಇದ್ದರೂ ಓಟ ಕುಸಿಯುತ್ತಿದೆ, ಕಬ್ಬಿಣದ ಮಾತ್ರೆ ತಗೊಳ್ಳಬೇಕಾ?

ಪ್ರಶ್ನೆ: ನನಗೆ 29 ವರ್ಷ, ವಾರಕ್ಕೆ 50 ಕಿ.ಮೀ. ಓಡ್ತೀನಿ. ಎರಡು ತಿಂಗಳಿಂದ ಕಾಲು ಭಾರ, ಪೇಸ್ ಬೀಳ್ತಾ ಇದೆ. ಹಿಮೋಗ್ಲೋಬಿನ್ 12.4, ನಾರ್ಮಲ್ ಅಂದ್ರು. ಆದ್ರೂ ಐರನ್ ಮಾತ್ರೆ ತಗೊಂಡ್ರೆ ಸ್ಪೀಡ್ ಜಾಸ್ತಿ ಆಗುತ್ತಾ? ಯಾವ ಮಾತ್ರೆ ಒಳ್ಳೇದು?

ಉತ್ತರ:

ಯಾವ ಮಾತ್ರೆ ಅನ್ನೋದನ್ನು ಸದ್ಯಕ್ಕೆ ಬಿಡಿ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಒಂದು ರಕ್ತಪರೀಕ್ಷೆ ಇದೆ, ಫೆರಿಟಿನ್ ಅಂತ. ನಿಮ್ಮ ಫೆರಿಟಿನ್ ಎಷ್ಟು?

ಮೈಸೂರಿನಲ್ಲಿ ಹಾಫ್ ಮ್ಯಾರಥಾನಿಗೆ ತಯಾರಿ ಮಾಡುತ್ತಿದ್ದಾಗ ನನ್ನದೂ ಇದೇ ಸ್ಥಿತಿ. ಚಾಮುಂಡಿ ಬೆಟ್ಟದ ರಸ್ತೆಯನ್ನು ನಿಲ್ಲದೆ ಹತ್ತುತ್ತಿದ್ದವಳು ಅರ್ಧ ದಾರಿಗೇ ನಡೆಯತೊಡಗಿದೆ. ನಿಧಾನದ ಓಟದಲ್ಲೂ ಹಾರ್ಟ್ ರೇಟ್ ಮೇಲೆ ಹೋಗುತ್ತಿತ್ತು. ಓಡೋದು ಜಾಸ್ತಿಯಾಗಿದೆ ಅಂತ ಕೋಚ್ ಒಂದು ವಾರ ರಜೆ ಕೊಟ್ಟರು. ಏನೂ ಬದಲಾಗಲಿಲ್ಲ. ಅದೇ ಸಮಯದಲ್ಲಿ ಇನ್ನೊಂದು ಶುರುವಾಗಿತ್ತು: ಅಕ್ಕಿ ತೊಳೆಯುವಾಗ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಆಸೆ. ಒಂದೆರಡು ಕಾಳಲ್ಲ, ಹಿಡಿಗಟ್ಟಲೆ. ಸುಮ್ನೆ ಚಟ ಅಂದುಕೊಂಡಿದ್ದೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದಾಗ ಹಸಿ ಅಕ್ಕಿ, ಐಸ್, ಮಣ್ಣು ತಿನ್ನಬೇಕು ಅನಿಸೋದು ಗೊತ್ತಿರುವ ಲಕ್ಷಣ ಅಂತ ಡಾಕ್ಟರ್ ಹೇಳಿದ ಮೇಲೆ ತಿಳಿಯಿತು.

ನನ್ನ ಹಿಮೋಗ್ಲೋಬಿನ್ 12.2 ಇತ್ತು. ಹೆಂಗಸರಿಗೆ 12ಕ್ಕಿಂತ ಕೆಳಗೆ ಹೋದರೆ ಮಾತ್ರ ರಕ್ತಹೀನತೆ ಅಂತಾರೆ, ಹಾಗಾಗಿ ನಾನೂ ನಿಮ್ಮ ಥರ ನಾರ್ಮಲ್. ಫೆರಿಟಿನ್ ನೋಡಿದರೆ 9. ಹಿಮೋಗ್ಲೋಬಿನ್ ಅಂದರೆ ಅಡುಗೆಮನೆ ಡಬ್ಬದಲ್ಲಿರುವ ಅಕ್ಕಿ, ಫೆರಿಟಿನ್ ತೋರಿಸೋದು ಕಣಜವನ್ನು. ಕಣಜ ಬರಿದಾಗುವವರೆಗೂ ಡಬ್ಬ ತುಂಬಿಯೇ ಕಾಣುತ್ತೆ. ಆದರೆ ಕಬ್ಬಿಣ ಬೇಕಿರೋದು ರಕ್ತಕ್ಕೆ ಮಾತ್ರ ಅಲ್ಲ. ಸ್ನಾಯು ಆಮ್ಲಜನಕ ಬಳಸಿ ಶಕ್ತಿ ಮಾಡಿಕೊಳ್ಳೋದಕ್ಕೂ ಅದು ಬೇಕು. ರಿಪೋರ್ಟಿನಲ್ಲಿ ಏನೂ ಕಾಣದೆ ಕಾಲು ಮಾತ್ರ ಸೋಲೋದು ಅದಕ್ಕೇ.

ಎಲ್ಲಿ ಹೋಯಿತು ಆ ಕಬ್ಬಿಣ? ಓಟದಲ್ಲಿ ಅಂತ ಎಲ್ಲರೂ ಹೇಳ್ತಾರೆ. ಪಾದ ನೆಲಕ್ಕೆ ಬಡಿದಾಗ ಒಂದಿಷ್ಟು ರಕ್ತಕಣ ಒಡೆಯುತ್ತವೆ, ಬೆವರಿನಲ್ಲಿ, ಕರುಳಿನಲ್ಲಿ ಸ್ವಲ್ಪ ಹೋಗುತ್ತೆ, ನಿಜ. ಆದರೆ ನನ್ನ ದೊಡ್ಡ ಸೋರಿಕೆ ಮುಟ್ಟು. ಲೆಕ್ಕ ಹಾಕಿ ನೋಡಿ. ಒಂದು ಮಿ.ಲೀ. ರಕ್ತದಲ್ಲಿ ಸುಮಾರು 0.4 ಮಿ.ಗ್ರಾಂ ಕಬ್ಬಿಣ ಇರುತ್ತೆ. ತಿಂಗಳಿಗೆ 80 ಮಿ.ಲೀ. ಹೋದರೆ 32 ಮಿ.ಗ್ರಾಂ, ಅಂದರೆ ದಿನಕ್ಕೆ ಒಂದು ಮಿ.ಗ್ರಾಂಗಿಂತ ಜಾಸ್ತಿ. ಮುಟ್ಟಿಲ್ಲದಿದ್ದರೂ ದಿನಕ್ಕೆ ಹತ್ತಿರಹತ್ತಿರ ಒಂದು ಮಿ.ಗ್ರಾಂ ಹೋಗೇ ಹೋಗುತ್ತೆ. ಎರಡೂ ಸೇರಿ ಎರಡರ ಮೇಲಾಯಿತು. ಈಗ ಊಟ: ಸಸ್ಯಾಹಾರಿ ಊಟದಲ್ಲಿ ದಿನಕ್ಕೆ 15 ಮಿ.ಗ್ರಾಂ ಕಬ್ಬಿಣ ತಿಂದೆ ಅಂದುಕೊಳ್ಳಿ, ಅದರಲ್ಲಿ ಹತ್ತನೇ ಒಂದು ಭಾಗ ಮೈಗೆ ಹತ್ತಿದರೆ ಒಂದೂವರೆ. ದಿನಾ ಅರ್ಧ ಮಿ.ಗ್ರಾಂಗಿಂತ ಜಾಸ್ತಿ ಸಾಲ, ಅದರ ಮೇಲೆ ಓಟದ್ದು ಬೇರೆ. ಮುದ್ದೆ, ಸೊಪ್ಪು, ಖರ್ಜೂರ ಇನ್ನಷ್ಟು ತಿಂದು ಇದನ್ನು ತೀರಿಸೋಕೆ ಆಗಲ್ಲ.

ಡಾಕ್ಟರ್ ಫೆರಸ್ ಆಸ್ಕಾರ್ಬೇಟ್ ಬರೆದುಕೊಟ್ಟರು, 100 ಮಿ.ಗ್ರಾಂ ಕಬ್ಬಿಣ ಇರುವಂಥದ್ದು. ನಾನು ಎಡವಿದ್ದು ಇಲ್ಲಿಂದ ಮುಂದೆ. ಸ್ವಲ್ಪ ಉದ್ದವಾಗಿ ಹೇಳ್ತೀನಿ, ಯಾಕಂದ್ರೆ ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ.

ಖಾಲಿ ಹೊಟ್ಟೆಗೆ ತಗೊಂಡರೆ ವಾಕರಿಕೆ ಬರುತ್ತಿತ್ತು. ಅದಕ್ಕೆ ರಾತ್ರಿ ಊಟ ಆದ ಮೇಲೆ, ಮಲಗುವ ಮುಂಚೆ, ಒಂದು ಲೋಟ ಹಾಲಿನ ಜೊತೆ ನುಂಗುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಓಟ ಆಗ ಆಫೀಸ್ ಮುಗಿದ ಮೇಲೆ, ಸಂಜೆ. ಮೂರು ತಿಂಗಳ ನಂತರ ಫೆರಿಟಿನ್ 13. ಅಷ್ಟೇ. ನಾನು ಹೆಸರು ಕೊಟ್ಟಿದ್ದ ರೇಸ್ ಅಷ್ಟರಲ್ಲಿ ಬಂದು ಹೋಗಿತ್ತು.

ಹಾಲಿನ ಕ್ಯಾಲ್ಸಿಯಂ ಕಬ್ಬಿಣ ಹೀರುವುದನ್ನು ತಡೆಯುತ್ತೆ, ಅದು ಒಂದು. ದೊಡ್ಡ ವಿಷಯ ಹೆಪ್ಸಿಡಿನ್. ಇದು ಲಿವರ್ ಮಾಡುವ ಹಾರ್ಮೋನ್, ಇದು ಏರಿದಾಗ ಕರುಳು ಕಬ್ಬಿಣವನ್ನು ಒಳಗೆ ಬಿಡಲ್ಲ. ಜೋರು ಓಟ ಮುಗಿದು 3ರಿಂದ 6 ಗಂಟೆಯೊಳಗೆ ಇದು ತುಂಬಾ ಏರಿರುತ್ತೆ. ಸಂಜೆ 6ಕ್ಕೆ ಇಂಟರ್ವಲ್ಸ್, ರಾತ್ರಿ 10ಕ್ಕೆ ಮಾತ್ರೆ: ಬಾಗಿಲು ಪೂರ್ತಿ ಮುಚ್ಚಿರುವ ಹೊತ್ತಿಗೇ ಸರಿಯಾಗಿ ನುಂಗುತ್ತಿದ್ದೆ. ಓಟ ಇಲ್ಲದಿದ್ದರೂ ಹೆಪ್ಸಿಡಿನ್ ಬೆಳಗ್ಗೆ ಕಡಿಮೆ, ಹೊತ್ತು ಏರಿದ ಹಾಗೆ ಅದೂ ಏರುತ್ತೆ. ಮಾತ್ರೆ ತಗೊಂಡ ಮೇಲೂ ಏರಿ ಸುಮಾರು ಒಂದು ದಿನ ಹಾಗೇ ಇರುತ್ತೆ, ಆದ್ದರಿಂದ ಮರುದಿನದ ಮಾತ್ರೆ ಅಷ್ಟು ಚೆನ್ನಾಗಿ ಹತ್ತಲ್ಲ. ಎಂದೂ ತಪ್ಪಿಸದೆ ತಗೊಂಡ ಮಾತ್ರೆಯಲ್ಲಿ ಹೆಚ್ಚಿನ ಪಾಲು ಮೈಗೆ ಸೇರಲಿಲ್ಲ, ಮಲಬದ್ಧತೆ ಮಾತ್ರ ಉಳಿಯಿತು.

ಡಾಕ್ಟರ ಹತ್ತಿರ ಮತ್ತೆ ಮಾತಾಡಿ ಬದಲಾಯಿಸಿದೆ. ಓಟ ಬೆಳಗ್ಗೆಗೆ. ಮುಗಿದ ಅರ್ಧ ಗಂಟೆಯೊಳಗೆ, ಹೆಪ್ಸಿಡಿನ್ ಏರುವ ಮೊದಲೇ, ನಿಂಬೆ ಪಾನಕದ ಜೊತೆ ಮಾತ್ರೆ. ಅದೂ ದಿನ ಬಿಟ್ಟು ದಿನ. ಕಾಫಿ ಒಂದು ಗಂಟೆಯ ನಂತರ. ಇದು ಕಷ್ಟ, ಆದರೆ ಕಾಫಿ, ಟೀ ಎರಡೂ ಕಬ್ಬಿಣವನ್ನು ಹಿಡಿದು ಹಾಕುತ್ತವೆ. ಫೆರಿಟಿನ್ ಏರುವವರೆಗೂ ಇಂಟರ್ವಲ್ಸ್ ಪೂರ್ತಿ ಬಿಟ್ಟು ನಿಧಾನದ ಓಟ ಮಾತ್ರ ಇಟ್ಟುಕೊಂಡೆ. ಮುಂದಿನ ಮೂರು ತಿಂಗಳಿಗೆ 34 ಬಂತು. ಹಸಿ ಅಕ್ಕಿಯ ಆಸೆ ಅದಕ್ಕಿಂತ ತುಂಬಾ ಮೊದಲೇ ಹೋಗಿತ್ತು. ಬೆಟ್ಟದ ರಸ್ತೆ ಮತ್ತೆ ನಿಲ್ಲದೆ ಹತ್ತಿದೆ.

ಈಗ ನಿಮ್ಮ ಸ್ಪೀಡಿನ ಪ್ರಶ್ನೆ. ಕಬ್ಬಿಣ ಕಡಿಮೆಯಾಗಿ ಹಿಮೋಗ್ಲೋಬಿನ್ನೇ ಬಿದ್ದಿದ್ದರೆ ಮಾತ್ರೆಯಿಂದ ಓಟ ಸಾಮಾನ್ಯವಾಗಿ ಸುಧಾರಿಸುತ್ತೆ. ಹಿಮೋಗ್ಲೋಬಿನ್ ಸರಿಯಿದ್ದು ಫೆರಿಟಿನ್ 20ರ ಕೆಳಗಿದ್ದರೆ ಸುಧಾರಿಸುವ ಸಾಧ್ಯತೆ ಚೆನ್ನಾಗಿದೆ. 20ರಿಂದ 35ರ ನಡುವೆ ಇದ್ದರೆ ಕೆಲವರಿಗೆ ಆಗುತ್ತೆ, ಕೆಲವರಿಗೆ ಇಲ್ಲ. ಅದರ ಮೇಲಿದ್ದರೆ ಮಾತ್ರೆ ನಿಮ್ಮ ಪೇಸನ್ನು ಒಂದು ಸೆಕೆಂಡೂ ಸುಧಾರಿಸಲ್ಲ, ಕಾರಣ ಬೇರೆ ಕಡೆ ಹುಡುಕಬೇಕು: ನಿದ್ದೆ, ಊಟ, ಥೈರಾಯ್ಡ್. ಜಾಸ್ತಿಯಾದ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ಮೈಗಿಲ್ಲ. ಆದ್ದರಿಂದ ಟೆಸ್ಟ್ ಇಲ್ಲದೆ ಶುರು ಮಾಡೋದು ತಪ್ಪು ಅಂತಲೇ ಹೇಳ್ತೀನಿ.

ಟೆಸ್ಟನ್ನು ಲಾಂಗ್ ರನ್ನಿನ ಮರುದಿನ ಮಾಡಿಸಬೇಡಿ. ಜೋರಾಗಿ ಓಡಿದ ಮೇಲೆ, ಜ್ವರ ಅಥವಾ ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತೆ. ಒಂದೆರಡು ದಿನ ಆರಾಮಾಗಿದ್ದು, ಬೆಳಗ್ಗೆ ಕೊಡಿ. ಜೊತೆಗೆ ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಸಿಆರ್‌ಪಿ ಟೆಸ್ಟ್ ಮಾಡಿಸಿದರೆ ಆ ಅನುಮಾನವೂ ಹೋಗುತ್ತೆ. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಕಂಡ ಮಾತ್ರಕ್ಕೂ ಗಾಬರಿ ಬೇಡ. ತುಂಬಾ ಓಡುವವರ ರಕ್ತದಲ್ಲಿ ನೀರಿನಂಶ ಜಾಸ್ತಿ ಇರುತ್ತೆ, ಕಣಗಳು ಅಷ್ಟೇ ಇದ್ದರೂ ನಂಬರ್ ಇಳಿದ ಹಾಗೆ ಕಾಣುತ್ತೆ. ಫೆರಿಟಿನ್ ಸರಿಯಿದ್ದರೆ ಅದು ಕಬ್ಬಿಣದ ಕೊರತೆ ಅಲ್ಲ.

ಮುಟ್ಟಿನ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ, ಅಲ್ವಾ? ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಬೇಕಾದರೆ, ದೊಡ್ಡ ಗಡ್ಡೆಗಳು ಹೋದರೆ, ಏಳು ದಿನ ದಾಟಿದರೆ, ಸ್ತ್ರೀರೋಗ ತಜ್ಞರನ್ನು ನೋಡಲೇಬೇಕು. ಅಮ್ಮನಿಗೂ ಅಕ್ಕನಿಗೂ ಹಾಗೇ ಆಗ್ತಿತ್ತು ಅಂತ ನಾನು ಅದನ್ನು ಮಾಮೂಲಿ ಅಂದುಕೊಂಡಿದ್ದೆ. ಜಾಸ್ತಿ ಹೋಗುವ ದಿನಗಳಿಗೆ ಮಾತ್ರ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರು, ಅದರಿಂದ ನನ್ನ ರಕ್ತಸ್ರಾವ ಕಡಿಮೆಯಾಯಿತು. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಆಗಲ್ಲ, ಆದ್ದರಿಂದ ಕೇಳದೆ ತಗೋಬೇಡಿ. ಇನ್ನು ಓಟ ಜಾಸ್ತಿಯಾದ ಮೇಲೆ ನಿಮಗೆ ಮುಟ್ಟೇ ನಿಂತಿದ್ದರೆ, ಕಬ್ಬಿಣ ಉಳಿಯಿತು ಅಂತ ಸಮಾಧಾನ ಪಡಬೇಡಿ. ಓಟಕ್ಕೆ ತಕ್ಕಷ್ಟು ಊಟ ಸಾಲುತ್ತಿಲ್ಲ ಅನ್ನೋದರ ಗುರುತು ಅದಾಗಿರಬಹುದು, ಮಾತ್ರೆಯಿಂದ ಸರಿಹೋಗಲ್ಲ.

ಫೆರಿಟಿನ್ ಬಂದ ಮೇಲೆ ನಂಬರನ್ನೂ, ಮುಟ್ಟು ಎಷ್ಟು ದಿನ ಇರುತ್ತೆ, ಓಡೋದು ಬೆಳಗ್ಗೆಯೋ ಸಂಜೆಯೋ ಅನ್ನೋದನ್ನೂ ಕಾಮೆಂಟಿನಲ್ಲಿ ಬರೆಯಿರಿ.