ಆ ಗೆರೆ ಮೈನಸ್ಸೋ, ಡ್ಯಾಶೋ?

*ಸಂಪಾದಕರಿಗೆ ನಮಸ್ಕಾರ. ನನ್ನ ಮಗಳು ಹತ್ತನೇ ತರಗತಿ. ಶಾಲೆಯ ವಾಟ್ಸಾಪ್ ಗುಂಪಿಗೆ ಗಣಿತದ ಅಭ್ಯಾಸ ಹಾಳೆಯ ಫೋಟೋ ಬಂದಿತ್ತು. ನಾಲ್ಕನೇ ಪ್ರಶ್ನೆ "ಬಿಡಿಸಿ – x2-5x+6=0". ಪಕ್ಕದ ಮನೆಯವರು ಉತ್ತರ 2 ಮತ್ತು 3 ಅಂದರು. ಟ್ಯೂಷನ್ ಮೇಷ್ಟ್ರು 1 ಮತ್ತು −6 ಅಂದರು. ಇಬ್ಬರೂ ತಾಳೆ ನೋಡಿ ತೋರಿಸಿದರು, ಇಬ್ಬರದ್ದೂ ಸರಿ ಬಂತು! ಏಳನೇ ಪ್ರಶ್ನೆ "23 x 2x = 64" ಅಂತಿದೆ. ಅದು ತಲೆಗೇ ಹತ್ತಲಿಲ್ಲ. ಫೋಟೋ ಕಳಿಸಿದ್ದೇನೆ. ಯಾವುದು ಸರಿ ಅಂತ ಹೇಗೆ ತಿಳಿಯೋದು?*
*— ಓದುಗರು, ಹಾಸನ*

ನಾಲ್ಕನೇ ಪ್ರಶ್ನೆಗೆ ಉತ್ತರ 2 ಮತ್ತು 3. ಇದನ್ನು ಧೈರ್ಯವಾಗಿ ಹೇಳುತ್ತೇನೆ. ಏಳನೆಯದಕ್ಕೆ ಬಹುಶಃ 3. ಅಲ್ಲಿ ಮಾತ್ರ ಟೀಚರನ್ನು ಒಂದು ಮಾತು ಕೇಳಲೇಬೇಕು. ಯಾಕೆ ಅಂತ ಹೇಳುತ್ತೇನೆ.

ಮೊದಲು ಟ್ಯೂಷನ್ ಮೇಷ್ಟ್ರ ಲೆಕ್ಕ. "ಬಿಡಿಸಿ" ಆದಮೇಲೆ ಬರುವ ಗೆರೆಯನ್ನು ಅವರು ಮೈನಸ್ ಎಂದು ಓದಿದ್ದಾರೆ. ಆಗ ಸಮೀಕರಣ −x² − 5x + 6 = 0. ಎರಡೂ ಕಡೆ ಚಿಹ್ನೆ ಬದಲಿಸಿದರೆ x² + 5x − 6 = 0. ಅಪವರ್ತಿಸಿದರೆ (x + 6)(x − 1) = 0. ಮೂಲಗಳು −6 ಮತ್ತು 1. ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಪಕ್ಕದ ಮನೆಯವರು ಆ ಗೆರೆಯನ್ನು ಸುಮ್ನೆ ಡ್ಯಾಶ್ ಎಂದುಕೊಂಡರು. ಅವರಿಗೆ ಸಿಕ್ಕಿದ್ದು x² − 5x + 6 = 0, ಅಂದರೆ (x − 2)(x − 3) = 0. ಇದರಲ್ಲೂ ತಪ್ಪಿಲ್ಲ.

ತಾಳೆ ನೋಡಿದಾಗ ಇಬ್ಬರದ್ದೂ ಸರಿ ಬಂದಿದ್ದು ಇದಕ್ಕೇ. ತಾಳೆ ನೋಡುವುದು ಬಿಡಿಸಿದ ರೀತಿಯನ್ನು ಮಾತ್ರ ಪರೀಕ್ಷಿಸುತ್ತದೆ, ಪ್ರಶ್ನೆ ಓದಿದ ರೀತಿಯನ್ನಲ್ಲ. ತಪ್ಪಾಗಿ ಓದಿಕೊಂಡ ಸಮೀಕರಣಕ್ಕೇ ಉತ್ತರವನ್ನು ಹಾಕಿ ನೋಡಿದರೆ ಸೊನ್ನೆ ಬಂದೇ ಬರುತ್ತದೆ.

ಇಂಥ ಗೊಂದಲ ಬಂದಾಗ ಅನುಭವಿಗಳು ಒಂದು ಉಪಾಯ ಹೇಳುತ್ತಾರೆ. ಎರಡೂ ರೀತಿ ಓದಿ ಬಿಡಿಸಿ, ಯಾವುದರಲ್ಲಿ ಉತ್ತರ ಚೊಕ್ಕವಾಗಿ ಬರುತ್ತದೋ ಅದೇ ಸರಿ. ಎಷ್ಟೋ ಸಲ ಇದು ಕೆಲಸ ಮಾಡುತ್ತದೆ. ಉದಾಹರಣೆಗೆ x² − 7x + 12 = 0 ತಗೊಳ್ಳಿ. ಮೂಲಗಳು 3 ಮತ್ತು 4. ಅದಕ್ಕೂ ಮೊದಲು ಒಂದು ಗೆರೆ ಇದ್ದು, ಅದನ್ನು ಮೈನಸ್ ಎಂದು ಓದಿದರೆ x² + 7x − 12 = 0 ಆಗುತ್ತದೆ. ಅದರ ಶೋಧಕ, ಅಂದರೆ ಸೂತ್ರದಲ್ಲಿ ವರ್ಗಮೂಲದ ಒಳಗೆ ಬರುವ b² − 4ac, 49 + 48 = 97. 97 ಪೂರ್ಣವರ್ಗವಲ್ಲ, ಹಾಗಾಗಿ ಉತ್ತರದಲ್ಲಿ ವರ್ಗಮೂಲ ಉಳಿದುಬಿಡುತ್ತದೆ. ಅಪವರ್ತಿಸುವ ಅಭ್ಯಾಸದಲ್ಲಿ ಯಾರೂ ಅಂಥದ್ದನ್ನು ಕೊಡುವುದಿಲ್ಲ.

ಆದರೆ ನಿಮ್ಮ ಮಗಳ ಪ್ರಶ್ನೆಯಲ್ಲಿ ಈ ಉಪಾಯ ಕೈಕೊಡುತ್ತದೆ. 6 ಎಂಬ ಸಂಖ್ಯೆಯೇ ಹಾಗಿದೆ. 2 ಮತ್ತು 3 ಗುಣಿಸಿದರೆ 6, ಕೂಡಿದರೆ 5. 6 ಮತ್ತು 1 ಗುಣಿಸಿದರೂ 6, ಕಳೆದರೆ ಮತ್ತೆ 5. ಅದಕ್ಕೇ ಎರಡು ಓದೂ ಚೊಕ್ಕ. 10 ಮತ್ತು 24ರ ಜೋಡಿಯೂ ಹೀಗೇ: 4 ಮತ್ತು 6 ಕೂಡಿದರೆ 10, 12ರಲ್ಲಿ 2 ಕಳೆದರೂ 10. ಇಂಥ ಜಾಗದಲ್ಲಿ ಉತ್ತರ ನೋಡಿ ಪ್ರಶ್ನೆ ತಿಳಿಯಲು ಆಗುವುದಿಲ್ಲ. ಹಾಳೆಯನ್ನೇ ನೋಡಬೇಕು.

ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. "ಬಿಡಿಸಿ" ಆದಮೇಲಿನ ಗೆರೆ ಉದ್ದವಾಗಿದೆ, ಅದರ ಎರಡೂ ಕಡೆ ಜಾಗ ಇದೆ. x2 ಮತ್ತು 5x ನಡುವಿನ ಗೆರೆ ಅದರ ಅರ್ಧದಷ್ಟೂ ಇಲ್ಲ, ಅಕ್ಷರಗಳಿಗೆ ಅಂಟಿಕೊಂಡಿದೆ. ಇದು ಹೇಗಾಯಿತು ಎಂದು ಟೈಪ್ ಮಾಡುವವರಿಗೆ ಗೊತ್ತು. ಕೀಬೋರ್ಡಿನಲ್ಲಿ ಇರುವುದು ಒಂದೇ ಗೆರೆಯ ಕೀಲಿ, ಅದು ಕೊಡುವುದು ಹೈಫನ್. ಆದರೆ ವರ್ಡ್‌ನಲ್ಲಿ ಒಂದು ಪದ, ಸ್ಪೇಸ್, ಹೈಫನ್, ಸ್ಪೇಸ್, ಮತ್ತೆ ಪದ ಎಂದು ಟೈಪ್ ಮಾಡುತ್ತಾ ಹೋದರೆ ಆ ಹೈಫನ್ ತಾನಾಗಿ ಉದ್ದದ ಡ್ಯಾಶ್ ಆಗಿಬಿಡುತ್ತದೆ. ಸಮೀಕರಣವನ್ನು ಜಾಗ ಬಿಡದೆ ಟೈಪ್ ಮಾಡಿದ್ದರಿಂದ ಒಳಗಿನ ಮೈನಸ್ ಪುಟ್ಟ ಹೈಫನ್ ಆಗಿಯೇ ಉಳಿದಿದೆ. ಟೈಪ್ ಮಾಡಿದವರ ಮನಸ್ಸಿನಲ್ಲಿ ಮೊದಲ ಗೆರೆ ಮೈನಸ್ ಆಗಿದ್ದರೆ ಅದೂ x‌ಗೆ ಅಂಟಿಕೊಂಡು, ಪುಟ್ಟದಾಗಿ, "-x2" ಎಂದೇ ಇರುತ್ತಿತ್ತು. ಒಂದು ಪದದ ಮುಂದೆ ಬರುವ ಮೈನಸ್ ಯಾವಾಗಲೂ ತನ್ನ ಬಲಗಡೆಯ ಅಕ್ಷರವನ್ನು ಹಿಡಿದುಕೊಂಡಿರುತ್ತದೆ. ಡ್ಯಾಶ್ ಯಾರನ್ನೂ ಹಿಡಿದುಕೊಳ್ಳುವುದಿಲ್ಲ.

ಇಷ್ಟೇ ಆಗಿದ್ದರೆ ನನಗೂ ಸ್ವಲ್ಪ ಅನುಮಾನ ಉಳಿಯುತ್ತಿತ್ತು. ಆದರೆ ಅದೇ ಹಾಳೆಯ ಎರಡನೇ ಪ್ರಶ್ನೆ ನೋಡಿ: "ವ್ಯಾಖ್ಯಾನಿಸಿ – ಬಹುಪದೋಕ್ತಿ". ಬಹುಪದೋಕ್ತಿ ಎಂಬ ಮಾತಿಗೆ ಮೈನಸ್ ಹಾಕಲು ಆಗಲ್ಲ ಅಲ್ವಾ? ಆ ಗೆರೆಯೂ ನಾಲ್ಕನೇ ಪ್ರಶ್ನೆಯ ಗೆರೆಯೂ ಒಂದೇ ಉದ್ದ, ಒಂದೇ ಎತ್ತರ. ಪ್ರಶ್ನೆಯ ಮಾತು ಮುಗಿದಮೇಲೆ ಡ್ಯಾಶ್ ಎಳೆಯುವುದು ಈ ಟೀಚರ್ ಅಭ್ಯಾಸ. ಇದೇ ನನಗೆ ಸಿಕ್ಕ ಗಟ್ಟಿ ಸಾಕ್ಷಿ. ಅನುಮಾನ ಬಂದಾಗ ಆ ಒಂದು ಸಾಲನ್ನೇ ದಿಟ್ಟಿಸುವ ಬದಲು ಇಡೀ ಹಾಳೆಯನ್ನು ನೋಡಿ. ಬೇರೆ ಪ್ರಶ್ನೆಗಳಲ್ಲಿ ಅದೇ ಕೈ ಏನು ಮಾಡಿದೆ ಎಂದು ನೋಡಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಒಳ್ಳೆಯ ಮುದ್ರಣದ ಪುಸ್ತಕದಲ್ಲಿ ಕೆಲಸ ಇನ್ನೂ ಸುಲಭ. ಅಲ್ಲಿ ನಿಜವಾದ ಮೈನಸ್ ಪ್ಲಸ್ ಚಿಹ್ನೆಯಷ್ಟೇ ಅಗಲ ಇರುತ್ತದೆ, ಪ್ಲಸ್‌ನ ಅಡ್ಡಗೆರೆಯ ಎತ್ತರದಲ್ಲೇ ಕೂರುತ್ತದೆ. ಅದೇ ಸಾಲಿನಲ್ಲಿ ಒಂದು ಪ್ಲಸ್ ಹುಡುಕಿ ಹೋಲಿಸಿದರೆ ಸಾಕು. ಕೈಬರಹದ ಹಾಳೆಯಲ್ಲಿ ಮಾತ್ರ ಉದ್ದ, ಎತ್ತರ ಯಾವುದನ್ನೂ ನಂಬಬೇಡಿ.

ಈಗ x2 ವಿಚಾರ. ಅದು x²ಏ ಹೊರತು x ಗುಣಿಸು 2 ಅಲ್ಲ. ಬೀಜಗಣಿತದಲ್ಲಿ ಸಹಗುಣಕ ಅಕ್ಷರದ ಎಡಗಡೆ ಬರುತ್ತದೆ, 2x ಎಂದು ಬರೆಯುತ್ತೇವೆ. ಇಂಥ ಸಮೀಕರಣದಲ್ಲಿ ಅಕ್ಷರ ಆದಮೇಲೆ ಅಂಕಿ ಬಂದರೆ ಅದು ಕೆಳಗಿಳಿದ ಘಾತಾಂಕ ಎಂದೇ ತಿಳಿಯಿರಿ. ಈ ತಪ್ಪು ಫೋಟೋದ್ದಲ್ಲ. ಘಾತಾಂಕ ಮೇಲೆ ಕೂರುವುದು ಅಕ್ಷರದ ಅಲಂಕಾರದಂತೆ, ದಪ್ಪ ಅಕ್ಷರ, ಓರೆ ಅಕ್ಷರ ಇದ್ದ ಹಾಗೆ. ಒಂದು ಕಡೆಯಿಂದ ಕಾಪಿ ಮಾಡಿ ಇನ್ನೊಂದು ಕಡೆ ಬರೀ ಪಠ್ಯವಾಗಿ ಪೇಸ್ಟ್ ಮಾಡಿದಾಗ ಆ ಅಲಂಕಾರ ಕಳಚಿಹೋಗುತ್ತದೆ, ಅಂಕಿ ನೆಲಕ್ಕೆ ಇಳಿಯುತ್ತದೆ. ನಮ್ಮ ಪತ್ರಿಕೆಯ ಪುಟದಲ್ಲೂ ಒಮ್ಮೆ ಹೀಗಾಗಿ, 10ರ ಘಾತ 6 ಎಂಬುದು 106 ಎಂದು ಅಚ್ಚಾಗಿತ್ತು. ಅಂದಿನಿಂದ ಪ್ರತಿ ಘಾತಾಂಕಕ್ಕೂ ಪ್ರೂಫ್‌ನಲ್ಲಿ ಪೆನ್ಸಿಲ್ ಗುರುತು ಹಾಕಿ ನೋಡುತ್ತೇನೆ.

ಏಳನೇ ಪ್ರಶ್ನೆಯ ಕಷ್ಟ ಇಲ್ಲೇ ಇದೆ. ನಿಮ್ಮ ಹಾಳೆ ಎಡಗಡೆ ಸ್ವಲ್ಪ ಮಡಚಿಕೊಂಡಿದೆ, ಸಾಲು ಬಾಗಿದೆ. ಹಾಗಾಗಿ 23ರಲ್ಲಿ 3 ಸ್ವಲ್ಪ ಮೇಲೆ ಇದ್ದಂತೆ ಕಾಣುತ್ತದೆ. ಎತ್ತರ ನೋಡಿ ಮೋಸಹೋಗಬೇಡಿ, ಗಾತ್ರ ನೋಡಿ. ಅಚ್ಚಿನಲ್ಲಿ ಘಾತಾಂಕ ಪಕ್ಕದ ಅಂಕಿಗಿಂತ ಎದ್ದು ಕಾಣುವಷ್ಟು ಚಿಕ್ಕದಾಗಿರುತ್ತದೆ, ಸುಮಾರು ಮುಕ್ಕಾಲಿಗಿಂತ ಕಡಿಮೆ. ಇಲ್ಲಿ 2 ಮತ್ತು 3 ಒಂದೇ ಗಾತ್ರ. ಅಂದರೆ ಟೈಪ್ ಮಾಡುವಾಗಲೇ ಘಾತಾಂಕ ಕಳೆದುಹೋಗಿದೆ, ಅಥವಾ ಅದು ನಿಜವಾಗಿಯೂ ಇಪ್ಪತ್ತಮೂರು. ಇನ್ನು ಎರಡು x ಇವೆ. ಮೊದಲನೆಯದರ ಎರಡೂ ಕಡೆ ಜಾಗ ಇದೆ, ಅದು ಗುಣಾಕಾರ ಚಿಹ್ನೆಯ ಬದಲು ಹಾಕಿದ್ದು. ಎರಡನೆಯದು 2ಕ್ಕೆ ಅಂಟಿಕೊಂಡಿದೆ, ಅದು ಅಕ್ಷರ.

(ಈ ಜಗಳ ಹಳೆಯದು. × ಚಿಹ್ನೆಯನ್ನು ಇಂಗ್ಲೆಂಡಿನ ವಿಲಿಯಂ ಆಟ್ರೆಡ್ 1631ರ ತನ್ನ ಪುಸ್ತಕದಲ್ಲಿ ಬಳಸಿದ. ಆರೇ ವರ್ಷದ ನಂತರ, 1637ರಲ್ಲಿ, ಫ್ರಾನ್ಸಿನ ಡೆಕಾರ್ಟ್ ತಿಳಿಯದ ಸಂಖ್ಯೆಗೆ x ಎಂದೂ, ಘಾತಾಂಕವನ್ನು ಮೇಲೆ ಚಿಕ್ಕದಾಗಿಯೂ ಬರೆದ. × ಮತ್ತು x ಕಲಸಿಹೋಗುತ್ತವೆ ಎಂದು ಲೈಬ್ನಿಜ್ 1698ರಲ್ಲೇ ಪತ್ರ ಬರೆದು, ಗುಣಾಕಾರಕ್ಕೆ ಚುಕ್ಕಿಯೇ ವಾಸಿ ಎಂದ. ದೊಡ್ಡ ತರಗತಿಗಳಲ್ಲಿ ಚುಕ್ಕಿ ಬಳಸುವುದು ಇದೇ ಕಾರಣಕ್ಕೆ.)

ಈಗ ಓದಿ ನೋಡೋಣ. 23 ಇಪ್ಪತ್ತಮೂರೇ ಆದರೆ 46x = 64, x = 32/23. ಇಂಥ ಉತ್ತರಕ್ಕಾಗಿ ಯಾರೂ 64 ಆರಿಸುವುದಿಲ್ಲ. 64 ಎಂದರೆ 2ರ ಘಾತ 6. ಹಾಗಾಗಿ 23 ಎಂಬುದು 2³ ಎಂದು ನನಗೆ ಅನ್ನಿಸುತ್ತದೆ. ಆಮೇಲೆ 2x ಇದೆಯಲ್ಲ, ಅಲ್ಲೇ ದಾರಿ ಎರಡಾಗುವುದು. ಅದು 2ˣ ಆದರೆ 8 × 2ˣ = 64, 2ˣ = 8, x = 3. ಅದು ಬರೀ 2x ಆದರೆ 8 × 2x = 64, 16x = 64, x = 4. ಮತ್ತೆ ಎರಡೂ ಚೊಕ್ಕ! ನನ್ನ ಒಲವು 3ರ ಕಡೆ. ಒಂದೇ ಆಧಾರ ಸಂಖ್ಯೆ 2 ಎರಡು ಸಲ ಬಂದಿದೆ, ಬಲಗಡೆಯೂ 2ರ ಘಾತವೇ ಇದೆ. ಘಾತಾಂಕಗಳನ್ನು ಕೂಡುವ ನಿಯಮ ಕಲಿಸಲು ಇಡುವ ಪ್ರಶ್ನೆ ಹೀಗೇ ಇರುತ್ತದೆ: 3 + x = 6. ಒಂದು ಘಾತಾಂಕ ಬಿದ್ದುಹೋದ ಸಾಲಿನಲ್ಲಿ ಇನ್ನೊಂದೂ ಬಿದ್ದಿರುವುದು ಸಹಜ. ಆದರೂ ಇದು ಊಹೆ. ನಾಲ್ಕನೆಯದಕ್ಕೆ ಸಿಕ್ಕಂಥ ಸಾಕ್ಷಿ ಇದಕ್ಕೆ ಹಾಳೆಯಲ್ಲಿ ಸಿಗಲಿಲ್ಲ.

ಟೀಚರನ್ನು ಕೇಳುವಾಗ "ಉತ್ತರ 3 ಸರಿನಾ ಮೇಡಂ?" ಎಂದು ಕೇಳುವುದು ಬೇಡ. "ಏಳನೇ ಪ್ರಶ್ನೆಯಲ್ಲಿ ಕೊನೆಯ x, 2ರ ಮೇಲಿದೆಯಾ ಪಕ್ಕದಲ್ಲಿದೆಯಾ?" ಎಂದು ಮಗಳು ಕೇಳಲಿ. ಫೋನಿನಲ್ಲಿ ಟೈಪ್ ಮಾಡುವುದಾದರೆ ಘಾತಾಂಕಕ್ಕೆ ^, ಗುಣಾಕಾರಕ್ಕೆ * ಹಾಕಿದರೆ ಯಾವ ಗೊಂದಲವೂ ಇಲ್ಲ:

```
2^3 * 2^x = 64
```

ಪರೀಕ್ಷೆಯಲ್ಲಿ ಹೀಗಾದರೆ ಮೇಲ್ವಿಚಾರಕರನ್ನು ಕೇಳಬೇಕು. ಅವರಿಗೂ ಗೊತ್ತಾಗದಿದ್ದರೆ, "ಪ್ರಶ್ನೆಯನ್ನು 2³ × 2ˣ = 64 ಎಂದು ಓದಿದ್ದೇನೆ" ಎಂದು ಮೊದಲ ಸಾಲಿನಲ್ಲಿ ಬರೆದು ಬಿಡಿಸಲಿ. ಮೌಲ್ಯಮಾಪನ ಮಾಡುವವರಿಗೆ ಅವಳು ಏನು ಬಿಡಿಸಿದಳು ಎಂದಾದರೂ ಸ್ಪಷ್ಟವಾಗುತ್ತದೆ.

ಫೋಟೋದ ಬಗ್ಗೆ ಒಂದು ಮಾತು. ವಾಟ್ಸಾಪ್ ಫೋಟೋವನ್ನು ಚಿಕ್ಕದು ಮಾಡಿ ಕಳಿಸುತ್ತದೆ. ತೆಳು ಮೈನಸ್, ಪುಟ್ಟ ಘಾತಾಂಕ ಮೊದಲು ಮಸುಕಾಗುವುದು ಅಲ್ಲೇ. ಗುಂಪಿನಲ್ಲಿ ಹಾಳೆ ಹಾಕುವವರು ಅದನ್ನು ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ತೆಗೆಯುವಾಗ ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಫೋನನ್ನು ನೇರ ಮೇಲಿನಿಂದ ಹಿಡಿಯಬೇಕು. ನಿಮ್ಮ ಹಾಳೆಯ ಒಂಬತ್ತನೇ ಪ್ರಶ್ನೆಯ ಬಲತುದಿ ನೆರಳಲ್ಲಿ ಮುಳುಗಿದೆ, ಅಲ್ಲಿ ಒಂದು ಗೆರೆ ಇದೆಯೋ ಇಲ್ಲವೋ ನನಗೂ ಕಾಣಲಿಲ್ಲ. ಅದನ್ನೂ ಏಳನೆಯದರ ಜೊತೆಗೇ ಕೇಳಿಬಿಡಿ.