ಬಾಂಬಿಗೆ ಇಲ್ಲದ ನಿಷೇಧ ಅರಳುವ ಗುಂಡಿಗೇಕೆ?

ಪ್ರಶ್ನೆ: ಬಾಂಬ್ ಹಾಕಿ ಒಂದೇ ಏಟಿಗೆ ನೂರು ಸೈನಿಕರನ್ನು ಕೊಂದರೆ ತಪ್ಪಲ್ಲವಂತೆ, ಮೈಯೊಳಗೆ ಅರಳುವ ಗುಂಡಿನಿಂದ ಒಬ್ಬನನ್ನು ಹೊಡೆದರೆ ಯುದ್ಧಾಪರಾಧವಂತೆ. ಪೊಲೀಸರು ಅದೇ ಗುಂಡು ಬಳಸುತ್ತಾರೆ. ಇದರಲ್ಲಿ ತರ್ಕ ಏನಾದರೂ ಇದೆಯೇ?

ಉತ್ತರ: ಇದೆ. ಆದರೆ ಸತ್ತವರನ್ನು ಎಣಿಸುತ್ತಾ ಹೋದರೆ ಅದು ಕಾಣುವುದಿಲ್ಲ.

ಯುದ್ಧದ ಕಾನೂನು ಪ್ರತಿ ಆಯುಧದ ಬಗ್ಗೆಯೂ ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತದೆ. ಒಂದು ಎದುರಿನ ಸೈನಿಕನ ಪರವಾಗಿ: ಅವನನ್ನು ಕಾಳಗದಿಂದ ಹೊರಗಿಡಲು ಬೇಕಾದದ್ದಕ್ಕಿಂತ ಹೆಚ್ಚಿನ ಗಾಯವನ್ನು ಸುಮ್ಮನೆ ಮಾಡುತ್ತದೆಯೇ? ಇನ್ನೊಂದು ನಾಗರಿಕನ ಪರವಾಗಿ: ಒಂದು ನಿರ್ದಿಷ್ಟ ಸೇನಾ ಗುರಿಯ ಮೇಲೆ ಇದನ್ನು ಹಿಡಿಯಲು ಆಗುತ್ತದೆಯೇ, ಇದರ ಪರಿಣಾಮಕ್ಕೆ ಎಲ್ಲೆ ಹಾಕಲು ಆಗುತ್ತದೆಯೇ? ಯಾವುದಾದರೂ ಒಂದರಲ್ಲಿ ಸೋತರೂ ಆಯುಧ ಅಕ್ರಮ. ಅರಳುವ ಗುಂಡು ಮೊದಲನೆಯದರಲ್ಲಿ ಸೋತದ್ದು.

ನಿಮ್ಮ ಬಾಂಬಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1868ರಲ್ಲೇ. ರಷ್ಯಾ 1863ರಲ್ಲಿ ಗಟ್ಟಿ ವಸ್ತುವಿಗೆ ತಾಗಿದರೆ ಮಾತ್ರ ಸಿಡಿಯುವ ಗುಂಡೊಂದನ್ನು ಮಾಡಿತ್ತು; ಮದ್ದುಗುಂಡಿನ ಬಂಡಿಗಳನ್ನು ಸ್ಫೋಟಿಸುವುದು ಅದರ ಉದ್ದೇಶ. 1867ರಲ್ಲಿ ಅದನ್ನು ಬದಲಿಸಿದಾಗ ಮೆತ್ತನೆಯ ವಸ್ತುವಿಗೆ, ಎಂದರೆ ಮನುಷ್ಯನ ಮೈಗೆ ತಾಗಿದರೂ ಸಿಡಿಯತೊಡಗಿತು. ಆಗ ರಷ್ಯಾವೇ ಮುಂದಾಗಿ ಉಳಿದ ದೇಶಗಳನ್ನು ಕರೆಸಿತು. ಅಲ್ಲಿ ಹುಟ್ಟಿದ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ 400 ಗ್ರಾಂಗಿಂತ ಹಗುರವಾದ ಸಿಡಿಗುಂಡುಗಳನ್ನು ನಿಷೇಧಿಸಿತು. 400 ಗ್ರಾಂ ಅಂದರೆ ಆ ಕಾಲದ ಅತಿ ಸಣ್ಣ ಫಿರಂಗಿ ಶೆಲ್‌ನ ತೂಕದ ಆಸುಪಾಸು. ಶೆಲ್ ಸಿಡಿದರೆ ಅದಕ್ಕೊಂದು ಸೈನಿಕ ಲಾಭವಿದೆ: ಗೋಡೆ ಬೀಳುತ್ತದೆ, ಹತ್ತಾರು ಜನರ ತುಕಡಿ ಚದುರುತ್ತದೆ. ಒಬ್ಬನಿಗೆಂದೇ ಹಾರಿಸಿದ ಗುಂಡು ಅವನೊಳಗೆ ಸಿಡಿದರೆ ಸಿಗುವ ಹೆಚ್ಚಿನ ಲಾಭವೇನು? ಅವನು ಗುಂಡು ತಗುಲಿದಾಗಲೇ ಬಿದ್ದಾಗಿತ್ತು. ಗಾಯ ಎಷ್ಟು ಘೋರ ಎಂಬುದಷ್ಟೇ ಇಲ್ಲಿ ಮುಖ್ಯವಲ್ಲ, ಆ ಘೋರತೆಗೆ ಪ್ರತಿಯಾಗಿ ಏನು ದಕ್ಕಿತು ಎಂಬುದನ್ನು ತೂಗಬೇಕು. ಇಂದು ಇದೇ ಮಾತು ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 35ನೇ ವಿಧಿಯಲ್ಲಿದೆ.

ಇನ್ನು ಅರಳುವ ಗುಂಡು. ಅದಕ್ಕೆ 'ದಮ್‌ದಮ್' ಎಂಬ ಹೆಸರು ಬಂದದ್ದು ಕಲ್ಕತ್ತಾ ಬಳಿಯ ದಮ್‌ದಮ್ ಶಸ್ತ್ರಾಗಾರದಿಂದ. ಪೂರ್ತಿ ಲೋಹದ ಕವಚವಿದ್ದ .303 ಗುಂಡು ಮನುಷ್ಯನನ್ನು ತೂರಿ ಹೊರಬೀಳುತ್ತದೆ, ಆದರೆ ಓಡಿಬರುತ್ತಿರುವವನನ್ನು ನಿಲ್ಲಿಸುವುದಿಲ್ಲ ಎಂದು ಬ್ರಿಟಿಷ್ ಸೇನೆ ವಾಯವ್ಯ ಗಡಿಯ ಕಾಳಗಗಳ ನಂತರ ದೂರಿತ್ತು. ಅದಕ್ಕೆಂದು ತುದಿಯ ಕವಚವನ್ನು ಸ್ವಲ್ಪವೇ ಹಿಂದೆ ಸರಿಸಿ, ಒಳಗಿನ ಸೀಸ ಹೊರಗಿಣುಕುವಂತೆ ಮಾಡಿದರು. ಮೈಗೆ ಹೊಕ್ಕ ಕೂಡಲೇ ಸೀಸ ಚಪ್ಪಟೆಯಾಗಿ ಅಣಬೆಯಂತೆ ಅರಳುತ್ತದೆ. 1899ರ ಹೇಗ್ ಸಮ್ಮೇಳನ ಇಂಥ ಗುಂಡುಗಳನ್ನು ನಿಷೇಧಿಸಿತು. ಬ್ರಿಟನ್ ಎದುರಾಡಿತು, 1907ರಲ್ಲಿ ಒಪ್ಪಿತು.

ಪೊಲೀಸರ ವಿಷಯಕ್ಕೆ ಬಂದರೆ ತಕ್ಕಡಿಯ ಇನ್ನೊಂದು ತಟ್ಟೆಯೇ ಬದಲಾಗುತ್ತದೆ. ಅವರದು ಬಹುಮಟ್ಟಿಗೆ ಪಿಸ್ತೂಲು, ದೂರ ಕೆಲವೇ ಮೀಟರ್, ಸುತ್ತ ಜನಸಾಮಾನ್ಯರು. ಗುಂಡು ಅಪರಾಧಿಯ ಮೈಯಲ್ಲೇ ನಿಲ್ಲಬೇಕು, ತೂರಿಹೋಗಿ ಹಿಂದಿರುವವನಿಗೆ ಬಡಿಯಬಾರದು. ಆ ಅನುಕೂಲ ರಣರಂಗದ ರೈಫಲ್ಲಿಗೆ ಸಾಮಾನ್ಯವಾಗಿ ಇರುವುದಿಲ್ಲ. ಪಿಸ್ತೂಲಿಗಿಂತ ಹಲವು ಪಟ್ಟು ಶಕ್ತಿಯ ರೈಫಲ್ ಗುಂಡು ಅರಳಿದರೆ ಆಗುವ ಗಾಯವೂ ಬೇರೆಯೇ.

ಇಲ್ಲಿ ಹೆಚ್ಚಿನವರು ಎಡವುವುದು ಗುಂಡಿನ ತುದಿ ನೋಡಿ ತೀರ್ಪು ಕೊಡುವಾಗ. ನಿಖರ ಗುರಿಗೆಂದು ಮಾಡುವ 'ಮ್ಯಾಚ್' ಗುಂಡುಗಳ ತುದಿಯಲ್ಲೂ ಸೂಜಿಮೊನೆಯಷ್ಟು ತೂತಿರುತ್ತದೆ. ಸಾಮಾನ್ಯ ಸೇನಾ ಗುಂಡಿನಲ್ಲಿ ಕವಚವನ್ನು ಮೂತಿಯ ಕಡೆ ಮುಚ್ಚಿ ಸೀಸವನ್ನು ಬುಡದಿಂದ ತುಂಬುತ್ತಾರೆ. ಮ್ಯಾಚ್ ಗುಂಡಿನಲ್ಲಿ ಬುಡ ಮುಚ್ಚಿ ತುದಿಯಿಂದ ತುಂಬುತ್ತಾರೆ. ಬುಡ ಒಂದೇ ಸಮನಾಗಿದ್ದರೆ ಗುಂಡು ನೇರ ಹೋಗುತ್ತದೆ, ಅದಕ್ಕೆ ಈ ಕ್ರಮ. ತುದಿಯ ತೂತು ಆ ಕೆಲಸದ ಉಳಿಕೆ, ಅಷ್ಟೆ. ಆದರೂ ಅಮೆರಿಕದ ಸೇನೆಯಲ್ಲಿ ಇಂಥದ್ದೊಂದರ (M852) ಪೆಟ್ಟಿಗೆಗಳ ಮೇಲೆ 'ಕಾಳಗಕ್ಕಲ್ಲ' ಎಂದು ಬರೆದಿರುತ್ತಿತ್ತು. ಕಾನೂನು ಪರಿಶೀಲನೆ ನಡೆಸಿದ ಮೇಲೆ ಅದನ್ನು ಬಳಸಬಹುದೆಂದು ತೀರ್ಮಾನವಾಯಿತು, ಏಕೆಂದರೆ ಅದು ಸುಲಭವಾಗಿ ಅರಳುವುದಿಲ್ಲ. ಹೇಗ್ ಘೋಷಣೆಯ ಮಾತು ಕೂಡ 'ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ' ಎಂದೇ ಇದೆ.

ಗುಂಡು ಅರಳುತ್ತದೆಯೇ ಎಂದು ಪರೀಕ್ಷಿಸುವುದು ಮಾಂಸವನ್ನು ಹೋಲುವ ಜೆಲಟಿನ್ ಗಟ್ಟಿಯಲ್ಲಿ. ಸಾಮಾನ್ಯವಾಗಿ 10% ಜೆಲಟಿನ್, 4 ಡಿಗ್ರಿ ಸೆಲ್ಸಿಯಸ್. ಗುಂಡು ಹೊಕ್ಕ ಜಾಗದಿಂದ ಕೆಲವೇ ಸೆಂಟಿಮೀಟರ್ ಒಳಗೆ ಅದು ಕೊರೆದ ದಾರಿ ಬಲೂನಿನಂತೆ ಹಿಗ್ಗಿದ್ದರೆ ಅದು ಅರಳುವ ಗುಂಡು. ಕವಚದ ಗುಂಡು ಮೊದಲಿಗೆ ಕಿರಿದಾದ ದಾರಿ ಕೊರೆದು, ಆಮೇಲೆ ಅಡ್ಡ ತಿರುಗುತ್ತದೆ. ಹಿಗ್ಗುವಿಕೆ ಕಾಣುವುದು ಆಗ. ನಿಜ, ಅಡ್ಡ ತಿರುಗುವಾಗ ಮುರಿದು ಭಾರೀ ಗಾಯ ಮಾಡುವ ಕವಚದ ಗುಂಡುಗಳೂ ಇವೆ. ಅವುಗಳನ್ನೂ ಕಟ್ಟಿಹಾಕಬೇಕೆಂಬ ಒತ್ತಾಯ 1970ರ ದಶಕದಲ್ಲಿ ಬಂತು, ಒಪ್ಪಂದವಾಗಲಿಲ್ಲ. ನನ್ನ ಮಟ್ಟಿಗೆ ಈ ನಿಯಮದ ದೊಡ್ಡ ತೂತು ಇದೇ.

ಎರಡನೆಯ ಪರೀಕ್ಷೆಗೂ ಒಂದು ಉದಾಹರಣೆ ಕೊಡುತ್ತೇನೆ. ಜನರ ಗುಂಪಿನ ಮೇಲೆ ರೈಫಲ್ ಹಾರಿಸಿದರೆ ದಾಳಿ ಅಕ್ರಮ, ರೈಫಲ್ ಅಲ್ಲ; ಅದನ್ನು ಗುರಿಯಿಟ್ಟು ಹೊಡೆಯಬಹುದಿತ್ತು. ಗುರಿಯಿಡುವುದೇ ಆಗದ ಆಯುಧದ ಕಥೆ ಬೇರೆ. 1995ರ ಮೇ 2 ಮತ್ತು 3ರಂದು ಕ್ರೊಯೇಷಿಯಾದ ಝಾಗ್ರೆಬ್ ನಗರದ ಮೇಲೆ M-87 ಓರ್ಕಾನ್ ರಾಕೆಟ್‌ಗಳು ಬಿದ್ದವು. ಪ್ರತಿ ರಾಕೆಟ್‌ನ ತಲೆಯಲ್ಲಿ 288 ಮರಿಬಾಂಬ್, ಪ್ರತಿ ಮರಿಬಾಂಬಿನಲ್ಲಿ 420 ಗೋಲಿ. ರಾಕೆಟ್‌ನ ಗರಿಷ್ಠ ವ್ಯಾಪ್ತಿ 50 ಕಿಲೋಮೀಟರ್. ಹಾರಿಸಿದ್ದು ಹೆಚ್ಚುಕಡಿಮೆ ಆ ತುದಿಯಿಂದಲೇ. ಅಷ್ಟು ದೂರದಿಂದ ಅದು ಯಾವ ದಿಕ್ಕಿಗೆ ಬೇಕಾದರೂ ಸುಮಾರು 1,000 ಮೀಟರ್ ತಪ್ಪಬಲ್ಲದು.

ಕಾಗದದ ಮೇಲೆ ಲೆಕ್ಕ ಹಾಕಿ. 1,000 ಮೀಟರ್ ತ್ರಿಜ್ಯದ ವೃತ್ತವೆಂದರೆ ಸುಮಾರು 314 ಹೆಕ್ಟೇರ್. ಒಂದು ರಾಕೆಟ್‌ನ ಮರಿಬಾಂಬ್‌ಗಳು ಹರಡುವುದು 2 ಹೆಕ್ಟೇರ್. ಅಂದರೆ ನಗರದ ನಡುವಿನ ಒಂದು ಕಟ್ಟಡಕ್ಕೆ ಗುರಿಯಿಟ್ಟೆ ಎಂದವನು, 314 ಹೆಕ್ಟೇರ್‌ನಲ್ಲಿ ಆ 2 ಹೆಕ್ಟೇರ್ ಎಲ್ಲಿ ಬೀಳುತ್ತದೋ ಹೇಳಲಾರ. ಕನಿಷ್ಠ 7 ಜನ ಸತ್ತರು, 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಝಾಗ್ರೆಬ್‌ನಲ್ಲಿ ಸೇನಾ ಗುರಿಗಳಿದ್ದವು ಎಂಬ ವಾದವನ್ನು, ದಾಳಿಗೆ ಆದೇಶಿಸಿದ್ದ ಕ್ರೊಯೇಷಿಯಾದ ಸರ್ಬ್ ನಾಯಕ ಮಿಲಾನ್ ಮಾರ್ಟಿಚ್‌ನ ಪ್ರಕರಣದಲ್ಲಿ ಹಿಂದಿನ ಯುಗೋಸ್ಲಾವಿಯಾಕ್ಕಾಗಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ 2007ರಲ್ಲಿ ತಳ್ಳಿಹಾಕಿತು: ಇದ್ದರೂ ಈ ಆಯುಧದಿಂದ ಅವುಗಳನ್ನೇ ಹೊಡೆಯಲು ಸಾಧ್ಯವಿರಲಿಲ್ಲ. ಮಾರ್ಟಿಚ್‌ಗೆ 35 ವರ್ಷ ಸೆರೆವಾಸವಾಯಿತು.

ತೀರ್ಪಿನ ಒಂದು ಎಚ್ಚರವನ್ನು ಗಮನಿಸಿ. ಆಯುಧದ ಗುಣ ಮತ್ತು ಈ ಸಂದರ್ಭದ ದೂರ, ಇವೆರಡನ್ನೂ ಸೇರಿಸಿಯೇ ಮಂಡಳಿ 'ವಿವೇಚನಾರಹಿತ' ಎಂದಿತು. ಬಯಲಿನಲ್ಲಿ ನಿಂತ ಟ್ಯಾಂಕುಗಳ ಮೇಲೆ ಹತ್ತಿರದಿಂದ ಹಾರಿಸಿದ್ದರೆ ಏನನ್ನುತ್ತಿತ್ತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅಂಥ ಚರ್ಚೆಗೇ ಎಡೆಕೊಡದಂತೆ 2008ರ ಕ್ಲಸ್ಟರ್ ಬಾಂಬ್ ಒಪ್ಪಂದ ಹೀಗೆ ಮರಿಬಾಂಬ್ ಚೆಲ್ಲುವ ಆಯುಧಗಳ ಇಡೀ ವರ್ಗವನ್ನೇ ನಿಷೇಧಿಸಿತು, ಆದರೆ ಅದಕ್ಕೆ ಸೇರಿದ ದೇಶಗಳಿಗೆ ಮಾತ್ರ. ಭಾರತ ಅದರಲ್ಲಿಲ್ಲ, ಅಮೆರಿಕ, ರಷ್ಯಾ, ಚೀನಾಗಳೂ ಇಲ್ಲ.